ಕೇಳಿದ್ದು ಒಂದು, ಉತ್ತರ ಸಿಕ್ಕಿದ್ದು ಇನ್ನೊಂದಕ್ಕೆ

ರೇಡಿಯೋದಲ್ಲಿ ಫೋನ್-ಇನ್ ಕಾರ್ಯಕ್ರಮ ಕೇಳುವಾಗ ಎಲ್ಲಾ ಅರ್ಥ ಆದಂಗೇ ಇರುತ್ತೆ. ಮುಗಿದ ಮೇಲೆ ಪಕ್ಕದ ಮನೆಯವರು ಬಂದು ‘ಏನ್ ಹೇಳಿದ್ರು?’ ಅಂತ ಕೇಳಲಿ, ಆಗ ಗೊತ್ತಾಗುತ್ತೆ ಕಷ್ಟ. ಯಾರೋ ಭತ್ತದ ಬಗ್ಗೆ ಕೇಳಿದರು, ಏನೋ ಒಂದು ಪುಡಿ ಹೊಡೀರಿ ಅಂದರು, ಲೀಟರಿಗೆ ಇಷ್ಟು ಗ್ರಾಂ ಅಂದಂಗಿತ್ತು. ಅಷ್ಟರಲ್ಲಿ ಇನ್ನೊಬ್ಬರ ಫೋನ್ ಬಂತು. ಕೇಳಿದವರಿಗೆ ನೆನಪಿರೋದು ಪುಡಿಯ ಹೆಸರು ಮಾತ್ರ. ಆ ಪುಡಿ ಯಾರಿಗೆ, ಯಾವಾಗ, ಯಾವುದರ ಜೊತೆ ಅನ್ನೋದು ಹಾರಿಹೋಗಿರುತ್ತೆ.

ನಮ್ಮೂರು ಕಡ್ಡಿರಾಂಪುರ, ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ. ಸುತ್ತ ತುಂಗಭದ್ರಾ ಕಾಲುವೆ ನೀರಿನ ಭತ್ತ, ಬಾಳೆ, ಕಬ್ಬು. ಕೃಷಿ ಫೋನ್-ಇನ್ ಬರುವ ಹೊತ್ತಿಗೆ ಅಪ್ಪ, ಕಾಕಾ, ಓಣಿಯ ಇನ್ನೂ ನಾಲ್ಕು ಜನ ಹೊಲದಲ್ಲೇ ಇರ್ತಾರೆ. ತಮ್ಮ ಮೊಬೈಲಿನ ಎಫ್‌ಎಂನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸ್ತಾನೆ. ನಾನು ಕೇಳಿ, ಯಾರು ಏನು ಕೇಳಿದರು, ತಜ್ಞರು ಏನು ಹೇಳಿದರು ಅಂತ ಒಂದು ಪುಟ ಮಾಡಿ ಮನೆಯ ಗ್ರೂಪಿಗೆ ಹಾಕ್ತೀನಿ. ಸಾಫ್ಟ್‌ವೇರ್ ಕೆಲಸದವರಿಗೆ ಒಂದು ಚಟ ಇರುತ್ತೆ ನೋಡಿ, ಹರಡಿದ್ದನ್ನೆಲ್ಲ ಖಾನೆ ಹಾಕಿ ಜೋಡಿಸೋದು. ಆದರೆ ಈ ಕೆಲಸಕ್ಕೆ ‘ಪ್ರಶ್ನೆ’, ‘ಉತ್ತರ’ ಅಂತ ಎರಡೇ ಖಾನೆ ಸಾಲುವುದಿಲ್ಲ. ಏಕೆ ಅಂತ ಒಂದು ಕಾರ್ಯಕ್ರಮವನ್ನೇ ತೆಗೆದುಕೊಂಡು ಹೇಳ್ತೀನಿ.

ಈ ರೆಕಾರ್ಡಿಂಗ್ ಒಟ್ಟು 29 ನಿಮಿಷದ್ದು. ಮೊದಲ ಸಲ ಕೇಳುವಾಗ ನಾನು ಏನೂ ಸಾರಾಂಶ ಬರೆಯೋದಿಲ್ಲ. ಯಾವ ಕರೆ ಎಷ್ಟನೇ ನಿಮಿಷಕ್ಕೆ ಶುರುವಾಗಿ ಎಲ್ಲಿ ಮುಗಿಯಿತು ಅನ್ನೋದನ್ನಷ್ಟೇ ಕಾಗದದಲ್ಲಿ ಗುರುತು ಹಾಕಿಕೊಳ್ತೀನಿ. ಮೊದಲ ಐದು ನಿಮಿಷ ಸಂಗೀತ, ನಿರೂಪಕಿಯ ಮಾತು, ವಿಜ್ಞಾನಿಯ ಪರಿಚಯ. 5:10ಕ್ಕೆ ಒಂದನೇ ಕರೆ. 10:40ಕ್ಕೆ ಎರಡನೇದು. 14:05ಕ್ಕೆ ಮೂರನೇದು, 16:20ಕ್ಕೆ ನಾಲ್ಕು, 22:30ಕ್ಕೆ ಐದು. ಕೊನೆಯ ಮೂರು ನಿಮಿಷ ಮುಕ್ತಾಯದ ಮಾತು. ಐದೇ ಕರೆ. ಕರೆ ಮಾಡಿದವರ ಹೆಸರನ್ನು ನಾನು ಬರೆದುಕೊಳ್ಳೋದೇ ಇಲ್ಲ. ಊರು ಯಾವ ಕಡೆಯದು, ಕಾಲುವೆ ನೀರಾ ಬೋರ್‌ವೆಲ್ಲಾ ಅನ್ನೋದು ಮಾತ್ರ ಬೇಕು. ಉತ್ತರಕ್ಕೆ ಸಂಬಂಧ ಇರೋದು ಅದೇ.

ಈ ಸಮಯದ ಗುರುತು ಸುಮ್ಮನೆ ಅಲ್ಲ. ಸಾರಾಂಶ ಓದಿದವರಿಗೆ ಅನುಮಾನ ಬಂದರೆ ಇಡೀ ಅರ್ಧ ಗಂಟೆ ಕೇಳಬೇಕಿಲ್ಲ, ನೇರವಾಗಿ ಆ ನಿಮಿಷಕ್ಕೆ ಹೋಗಿ ಕೇಳಬಹುದು. ಅಪ್ಪ ಎಷ್ಟೋ ಸಲ ‘ನೀ ಬರದದ್ದು ಇರ್ಲಿ, ಅವರ ಬಾಯಾಗ ಏನ್ ಬಂತು ಕೇಳಸು’ ಅಂತಾರೆ. ಕೇಳಿಸಲಿಕ್ಕೆ ಆಗಬೇಕು.

ಈಗ ಒಂದನೇ ಕರೆ. ಕಂಪ್ಲಿ ಕಡೆಯ ರೈತರೊಬ್ಬರು.

‘ನಮಸ್ಕಾರ್ರೀ ಸಾರ್. ನೆಲ್ಲಿಗೆ ಬೆಂಕಿ ರೋಗ ಬಂದೈತ್ರಿ. ಏನ್ ಹೊಡೀಬೇಕ್ರಿ?’

ನಮ್ಮ ಕಡೆ ಭತ್ತಕ್ಕೆ ನೆಲ್ಲು ಅಂತಾರೆ. ಅವಸರದಲ್ಲಿ ಬರೆಯುವವರು ಇಲ್ಲೇ ‘ಪ್ರಶ್ನೆ: ಭತ್ತದ ಬೆಂಕಿ ರೋಗಕ್ಕೆ ಔಷಧ ಯಾವುದು?’ ಅಂತ ಬರೆದು ಮುಂದೆ ಹೋಗಿಬಿಡಬಹುದು. ಆದರೆ ವಿಜ್ಞಾನಿ ಔಷಧದ ಹೆಸರು ಹೇಳಲೇ ಇಲ್ಲ. ತಿರುಗಿ ಅವರೇ ಪ್ರಶ್ನೆ ಕೇಳಲಿಕ್ಕೆ ಶುರು ಮಾಡಿದರು.

‘ಹಚ್ಚಿ ಎಷ್ಟು ದಿನ ಆಯ್ತು?’

‘ಇಪ್ಪತ್ತೈದು ದಿನ ಆಗೈತ್ರಿ.’

‘ಚುಕ್ಕೆ ಹೆಂಗೈತಿ? ಎರಡೂ ತುದಿ ಚೂಪಾಗಿ, ನಡುವೆ ಬೂದಿ ಬಣ್ಣ ಐತಾ? ಅಥವಾ ಸಣ್ಣ ಸಣ್ಣ ತುಕ್ಕು ಹಿಡಿದಂಗ ಐತಾ?’

‘ತುಕ್ಕು ಹಿಡಿದಂಗ ಐತ್ರಿ. ಕೆಳಗಿನ ಎಲಿಗೆ ಜಾಸ್ತಿ. ಪೈರು ಮ್ಯಾಲೇಳವಲ್ದ್ರಿ.’

‘ಎಳೆ ಎಲೆಯ ಬುಡದಲ್ಲಿ ನಡುವಿನ ನರ ಬೆಳ್ಳಗಾಗೈತಾ? ಗದ್ದೆ ತುಂಬ ಐತಾ, ಅಲ್ಲಲ್ಲಿ ಐತಾ?’

‘ಹೌದ್ರಿ, ಬೆಳ್ಳಗಾಗೈತ್ರಿ. ತಗ್ಗಿನ ಕಡೆ, ನೀರು ನಿಲ್ಲೋ ಕಡೆ ಐತ್ರಿ. ಅಲ್ಲಿ ಸವಳು ಐತ್ರಿ.’

ಇಷ್ಟಾದ ಮೇಲೆ ಅವರು ಹೇಳಿದ್ದು: ಇದು ಬೆಂಕಿ ರೋಗ ಅಲ್ಲ, ಸತುವಿನ ಕೊರತೆ ಇದ್ದಂಗೆ ಕಾಣುತ್ತೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ರೈತರ ಬಾಯಲ್ಲಿ ‘ಬೆಂಕಿ ರೋಗ’ ಅಂದರೆ ಪೈರು ಸುಟ್ಟಂಗೆ ಕಾಣುವ ಯಾವುದೇ ತೊಂದರೆ. ವಿಜ್ಞಾನಿಗಳ ಬಾಯಲ್ಲಿ ಅದೇ ಮಾತು ಒಂದು ನಿರ್ದಿಷ್ಟ ಶಿಲೀಂಧ್ರ ರೋಗದ ಹೆಸರು, ಇಂಗ್ಲಿಷಿನಲ್ಲಿ ಬ್ಲಾಸ್ಟ್ ಅನ್ನೋದು. ಅದರ ಚುಕ್ಕೆ ನೂಲಿನ ಕದಿರಿನಂತೆ ಎರಡೂ ಕಡೆ ಚೂಪು, ನಡುವೆ ಬೂದಿ ಬಣ್ಣ. ಸತುವಿನ ಕೊರತೆಗೆ ಶಿಲೀಂಧ್ರ ಕಾರಣವೇ ಅಲ್ಲ. ಉತ್ತರ ಭಾರತದಲ್ಲಿ ಅದನ್ನು ಖೈರಾ ಅಂತಾರೆ. ಅದಕ್ಕೆ ಕಾರಣ ಸತುವಿನ ಕೊರತೆ ಎಂದು ಪಂತನಗರದ ವಿಜ್ಞಾನಿ ವೈ.ಎಲ್. ನೆನೆ ಅವರು 1966ರಲ್ಲಿ ತೋರಿಸಿದರು. ನಮ್ಮ ಎರೆ ಭೂಮಿ, ಸವಳು ನೆಲ, ಸದಾ ನೀರು ನಿಲ್ಲುವ ತಗ್ಗು, ಇಂಥ ಕಡೆ ಮಣ್ಣಿನಲ್ಲಿ ಸತುವಿದ್ದರೂ ಬೇರಿಗೆ ಸಿಗೋದು ಕಡಿಮೆ. ಶಿಲೀಂಧ್ರಕ್ಕೆ ಹೊಡೆಯುವ ಔಷಧವನ್ನು ಇಲ್ಲಿ ಹೊಡೆದರೆ ಹಣ ಹೋಗುತ್ತೆ, ಪೈರು ಹಂಗೇ ಇರುತ್ತೆ.

ಈಗ ‘ಪ್ರಶ್ನೆ: ಬೆಂಕಿ ರೋಗ, ಉತ್ತರ: ಸತುವಿನ ಸಲ್ಫೇಟ್ ಸಿಂಪಡಿಸಿ’ ಅಂತ ಎರಡೇ ಖಾನೆಯಲ್ಲಿ ಬರೆದರೆ ಏನಾಗುತ್ತೆ ಯೋಚಿಸಿ. ಕೇಳಿದವರ ಮಾತೂ ಸರಿ, ತಜ್ಞರ ಮಾತೂ ಸರಿ. ಎರಡನ್ನೂ ಪಕ್ಕ ಪಕ್ಕ ಇಟ್ಟಿದ್ದು ಮಾತ್ರ ತಪ್ಪು. ನಿಜವಾದ ಬೆಂಕಿ ರೋಗ ಬಂದ ಗದ್ದೆಯವರು ಇದನ್ನು ಓದಿ ಸತುವು ಹೊಡೆದು ಹತ್ತು ದಿನ ಕಾಯ್ತಾರೆ. ಅಷ್ಟರಲ್ಲಿ ರೋಗ ಗದ್ದೆ ಹಬ್ಬಿರುತ್ತೆ.

ಹಾಗಾಗಿ ನಾನು ಪ್ರಶ್ನೆಯನ್ನು ಎರಡು ಸಲ ಬರೀತೀನಿ. ಒಂದು, ಕರೆ ಮಾಡಿದವರು ಕೇಳಿದ್ದು, ಅವರದೇ ಮಾತಿನಲ್ಲಿ. ಇನ್ನೊಂದು, ತಜ್ಞರು ವಿಚಾರಿಸಿದ ಮೇಲೆ ತಿಳಿದದ್ದು. ಉತ್ತರ ಎರಡನೇದಕ್ಕೆ ಸೇರಿದ್ದು. ಮೊದಲನೇದನ್ನು ಬಿಡಬಾರದು, ಏಕೆಂದರೆ ಓದುವ ರೈತರೂ ತಮ್ಮ ಗದ್ದೆ ನೋಡಿ ‘ಬೆಂಕಿ ರೋಗ’ ಅಂತಲೇ ಅಂದುಕೊಂಡಿರ್ತಾರೆ. ಆ ಪದ ಕಂಡರೇನೇ ಅವರ ಕಣ್ಣು ಅಲ್ಲಿ ನಿಲ್ಲೋದು.

ಇನ್ನು ಉತ್ತರ. ವಿಜ್ಞಾನಿ ಹೇಳಿದ್ದು ಹೀಗೆ: ಒಂದೆರಡು ದಿನ ಗದ್ದೆಯ ನೀರು ಬಸಿಯಿರಿ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಜೊತೆಗೆ ಎರಡೂವರೆ ಗ್ರಾಂ ಸುಣ್ಣ. ಸುಣ್ಣವನ್ನು ಬೇರೆ ನೀರಿನಲ್ಲಿ ಕರಗಿಸಿ, ತಿಳಿ ನೀರು ಸೋಸಿ ಬೆರೆಸಿ. ಹತ್ತು ದಿನ ಬಿಟ್ಟು ಇನ್ನೊಂದು ಸಲ ಹೊಡೀರಿ.

ಇದನ್ನು ಚಿಕ್ಕದು ಮಾಡುವಾಗ ಮೊದಲು ಬಿದ್ದುಹೋಗೋದು ಸುಣ್ಣ. ಮುಖ್ಯ ವಸ್ತು ಸತುವು, ಸುಣ್ಣ ಏನೋ ಜೊತೆಗಿನದು ಅನ್ನಿಸಿಬಿಡುತ್ತೆ. ಆದರೆ ಸತುವಿನ ಸಲ್ಫೇಟ್ ಬೆರೆಸಿದ ನೀರು ಆಮ್ಲದ ಗುಣದ್ದು, ಒಂದನ್ನೇ ಹೊಡೆದರೆ ಎಲೆ ಸುಡುತ್ತೆ. ಅದನ್ನು ತಣಿಸಲಿಕ್ಕೇ ಸುಣ್ಣ. ಸುಣ್ಣ ಬಿಟ್ಟ ಸಾರಾಂಶ ಅರ್ಧ ಸರಿ ಅಲ್ಲ, ಪೂರ್ತಿ ಅಪಾಯ. ನಮ್ಮ ಅವ್ವ ಇದನ್ನು ಕೇಳಿ ‘ಎಲಿ ಅಡಿಕಿಗೂ ಸುಣ್ಣ ಬೇಕಂತ ಗೊತ್ತಿರ್ತದ, ಇದಕ್ಕ ಮರೀತಾರಾ?’ ಅಂತ ನಕ್ಕಳು. ಬಾಯಲ್ಲಿ ಹೇಳುವಾಗ ಮರೆಯೋದಿಲ್ಲ, ಬರೆದು ಚಿಕ್ಕದು ಮಾಡುವಾಗಲೇ ಮರೆಯೋದು. ಅದಕ್ಕೆ ನನ್ನದೊಂದು ನಿಯಮ: ‘ಜೊತೆಗೆ’, ‘ಆದರೆ’, ‘ಇದ್ದರೆ’, ‘ಆದ ಮೇಲೆ’ ಅನ್ನೋ ಮಾತು ತಜ್ಞರ ಬಾಯಲ್ಲಿ ಬಂದರೆ ಅದರ ಹಿಂದೆ-ಮುಂದೆ ಇರುವುದನ್ನು ಮೊಟಕು ಮಾಡೋದಿಲ್ಲ. ನಮಸ್ಕಾರ, ಊಟ, ಮಳೆ, ‘ಒಳ್ಳೇ ಪ್ರಶ್ನೆ ಕೇಳಿದ್ರಿ’ ಇವೆಲ್ಲಾ ಹೋದರೂ ಪರವಾಗಿಲ್ಲ.

ಆಮೇಲೆ ಅಂಕಿ. ಫೋನಿನ ದನಿ, ಅದು ರೇಡಿಯೋದಲ್ಲಿ ಬಂದು, ಅದನ್ನು ಮೊಬೈಲ್ ರೆಕಾರ್ಡ್ ಮಾಡಿದ ಮೇಲೆ ಕನ್ನಡದ ಕೆಲವು ಸಂಖ್ಯೆಗಳು ಒಂದೇ ಥರ ಕೇಳಿಸುತ್ತವೆ. ಇಪ್ಪತ್ತು, ಎಪ್ಪತ್ತು. ಒಂದೂವರೆ, ಎರಡೂವರೆ. ಮೊದಲ ಅಕ್ಷರ ಸ್ವಲ್ಪ ನುಂಗಿಹೋದರೆ ಸಾಕು. ಇಂಥ ಕಡೆ ನಾನು ವೇಗ ಕಡಿಮೆ ಮಾಡಿ ಕೇಳ್ತೀನಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ `[` ಕೀಲಿ ಒತ್ತಿದಷ್ಟೂ ನಿಧಾನ ಆಗುತ್ತೆ, `]` ಒತ್ತಿದರೆ ಮತ್ತೆ ವೇಗ. ನಿಧಾನ ಮಾಡಿದರೂ ಅನುಮಾನ ಹೋಗದಿದ್ದರೆ ಲೆಕ್ಕ ಸಹಾಯಕ್ಕೆ ಬರುತ್ತೆ.

ಈ ಕರೆಯಲ್ಲೇ ನೋಡಿ. ರೈತರು ‘ಲೀಟರ್ ಲೆಕ್ಕ ಬ್ಯಾಡ್ರಿ, ಪಂಪಿಗೆ ಎಷ್ಟು ಹೇಳ್ರಿ’ ಅಂದರು. ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರಿಗೆ ನಮ್ಮಲ್ಲಿ ಪಂಪು ಅನ್ನೋದು. ವಿಜ್ಞಾನಿ ‘ನಿಮ್ಮ ಪಂಪು ಎಷ್ಟು ಲೀಟರಿಂದು?’ ಅಂದರು. ಹದಿನಾರು ಅಂತ ಉತ್ತರ ಬಂತು. ‘ಹಂಗಾದ್ರ ಎಂಬತ್ತು ಗ್ರಾಂ, ಸುಣ್ಣ ನಲವತ್ತು.’ ಈಗ 16ನ್ನು 5ರಿಂದ ಗುಣಿಸಿದರೆ 80, ಎರಡೂವರೆಯಿಂದ ಗುಣಿಸಿದರೆ 40. ಸುಣ್ಣ ‘ಒಂದೂವರೆ’ ಆಗಿದ್ದರೆ 24 ಬರಬೇಕಿತ್ತು. ಅಂದರೆ ಮೊದಲು ಕೇಳಿಸಿದ್ದು ಎರಡೂವರೆಯೇ. ಎರಡು ಕಡೆಯ ಅಂಕಿ ಒಂದಕ್ಕೊಂದು ಸಾಕ್ಷಿ ಹೇಳಿದವು. ಸಾರಾಂಶದಲ್ಲಿ ಲೀಟರಿನ ಲೆಕ್ಕವನ್ನೇ ಮೊದಲು ಬರೆದು, ‘16 ಲೀಟರ್ ಪಂಪಿಗೆ’ ಅಂತ ಸ್ಪಷ್ಟವಾಗಿ ಸೇರಿಸಿ 80 ಗ್ರಾಂ ಬರೀತೀನಿ. ಬರೀ ‘ಪಂಪಿಗೆ 80 ಗ್ರಾಂ’ ಅಂತ ಬರೆದರೆ 10 ಲೀಟರ್ ಪಂಪು ಇದ್ದವರೂ 80 ಗ್ರಾಂ ಹಾಕ್ತಾರೆ, ಗದ್ದೆಗೆ ಹೋಗೋದು ಲೀಟರಿಗೆ 8 ಗ್ರಾಂ.

ಹೀಗೆ ಸಾಕ್ಷಿ ಹೇಳುವ ಇನ್ನೊಂದು ಅಂಕಿ ಸಿಗದಿದ್ದರೆ? ಆಗ ‘ಪ್ರಮಾಣ ಸರಿಯಾಗಿ ಕೇಳಿಸಿಲ್ಲ, 12:20ಕ್ಕೆ ಕೇಳಿ ನೋಡಿ’ ಅಂತ ಬರೆಯೋದೇ ಸರಿ. ಪುಸ್ತಕದಲ್ಲಿ ಹುಡುಕಿ ಅಂಕಿ ತುಂಬಿಸಿದರೆ ಅದು ತಜ್ಞರ ಉತ್ತರ ಆಗೋದಿಲ್ಲ, ನನ್ನ ಉತ್ತರ ಆಗುತ್ತೆ. ಅವರ ಹೆಸರಿನಲ್ಲಿ ನನ್ನ ಮಾತು ಹೋಗಬಾರದು.

ಇಷ್ಟು ಮಾಡಿದ ಮೇಲೆ ಒಂದನೇ ಕರೆ ಹೀಗೆ ಇಳಿಯಿತು:

ಕರೆ 1 (5:10–10:40), ಭತ್ತ, ಕಂಪ್ಲಿ ಕಡೆ, ಸವಳು ನೆಲ
ಕೇಳಿದ್ದು: ನೆಲ್ಲಿಗೆ ‘ಬೆಂಕಿ ರೋಗ’, ಏನು ಹೊಡೆಯಬೇಕು?
ವಿಚಾರಿಸಿದಾಗ ತಿಳಿದದ್ದು: ಹಚ್ಚಿ 25 ದಿನ. ಕೆಳಗಿನ ಎಲೆಯಲ್ಲಿ ತುಕ್ಕಿನ ಚುಕ್ಕೆ, ಎಳೆ ಎಲೆಯ ಬುಡದ ನರ ಬಿಳಿ, ಪೈರು ಗಿಡ್ಡ, ತಗ್ಗಿನಲ್ಲಿ ಮಾತ್ರ. ಬೆಂಕಿ ರೋಗ ಅಲ್ಲ, ಸತುವಿನ ಕೊರತೆ ಇರಬಹುದು.
ಉತ್ತರ: ಒಂದೆರಡು ದಿನ ನೀರು ಬಸಿಯಿರಿ. ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು 2.5 ಗ್ರಾಂ ಸುಣ್ಣದ ತಿಳಿ ನೀರು (16 ಲೀಟರ್ ಪಂಪಿಗೆ 80 ಮತ್ತು 40). ಹತ್ತು ದಿನ ಬಿಟ್ಟು ಇನ್ನೊಮ್ಮೆ.
ಯಾರಿಗೆ ಅಲ್ಲ: ಚುಕ್ಕೆ ಎರಡೂ ತುದಿ ಚೂಪಾಗಿ ನಡುವೆ ಬೂದಿ ಬಣ್ಣ ಇದ್ದರೆ ಈ ಉತ್ತರ ಅವರಿಗಲ್ಲ.

ಕೊನೆಯ ‘ಯಾರಿಗೆ ಅಲ್ಲ’ ಅನ್ನೋ ಸಾಲನ್ನು ವಿಜ್ಞಾನಿ ಹಾಗೇ ಹೇಳಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಯಲ್ಲೇ ಅದು ಇದೆ. ಚೂಪು ತುದಿಯ ಚುಕ್ಕೆ ಅಂದಿದ್ದರೆ ಅವರು ಬೇರೆ ಉತ್ತರವನ್ನೇ ಹೇಳ್ತಿದ್ದರು. ‘ಇರಬಹುದು’ ಅನ್ನೋದನ್ನೂ ಗಮನಿಸಿ. ಅವರು ‘ಇದ್ದಂಗೆ ಕಾಣುತ್ತೆ’ ಅಂದರು, ಫೋನಿನಲ್ಲಿ ಗದ್ದೆ ಕಾಣೋದಿಲ್ಲ ತಾನೇ. ಅದನ್ನು ‘ಇದೆ’ ಅಂತ ಮಾಡುವ ಹಕ್ಕು ನಮಗಿಲ್ಲ.

ಇಷ್ಟಕ್ಕೆ ಒಂದನೇ ಕರೆ ಮುಗಿಯಿತು ಅಂದುಕೊಂಡರೆ ಮುಗಿದಿರಲಿಲ್ಲ. 21:40ಕ್ಕೆ, ಬಾಳೆಯವರ ಜೊತೆ ಮಾತಾಡ್ತಾ ಇದ್ದಾಗ ವಿಜ್ಞಾನಿ ಥಟ್ಟನೆ ‘ಮೊದಲು ಕೇಳಿದ್ರಲ್ಲ, ಕಂಪ್ಲಿಯವರು, ಅವರಿಗೆ ಒಂದು ಮಾತು’ ಅಂತ ತಿರುಗಿದರು. ಮುಂದಿನ ಬೆಳೆಗೆ ನಾಟಿಗೆ ಮುಂಚೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಮಣ್ಣಿಗೇ ಹಾಕಿ, ಆದರೆ ಡಿಎಪಿ ಜೊತೆ ಬೆರೆಸಿ ಹಾಕಬೇಡಿ ಅಂದರು. ರಂಜಕ ಮತ್ತು ಸತುವು ಸೇರಿಕೊಂಡರೆ ಎರಡೂ ಗಿಡಕ್ಕೆ ಸಿಗೋದಿಲ್ಲ. ಈ ಮಾತು ಸಿಕ್ಕಿದ್ದು ನಾಲ್ಕನೇ ಕರೆಯ ನಡುವೆ, ಸೇರಬೇಕಾದದ್ದು ಒಂದನೇ ಕರೆಯ ಕೆಳಗೆ. ಮೊದಲ ಸಲ ಪೂರ್ತಿ ಕೇಳೋವರೆಗೆ ಬರೆಯಲಿಕ್ಕೆ ಕೂರಬಾರದು ಅನ್ನೋದು ಇದಕ್ಕೇ. ನೇರ ಪ್ರಸಾರದಲ್ಲಿ ತಜ್ಞರಿಗೂ ನೆನಪಾಗೋದು ತಡವಾಗಿಯೇ.

ನಾಲ್ಕನೇ ಕರೆ ಬಾಳೆಯದು, ಕಮಲಾಪುರದ ಕಡೆಯದು. ಏಲಕ್ಕಿ ಬಾಳೆ, ಏಳು ತಿಂಗಳಿನ ಗಿಡ, ಕೆಳಗಿನ ಎಲೆ ಹಳದಿಯಾಗಿ ಮುರಿದು ಜೋತು ಬೀಳ್ತಿವೆ. ವಿಜ್ಞಾನಿ ಇಲ್ಲಿ ರೋಗದ ಹೆಸರು ತಕ್ಷಣ ಹೇಳಲಿಲ್ಲ, ಒಂದು ಪರೀಕ್ಷೆ ಹೇಳಿದರು. ಹಳದಿಯಾದ ಒಂದು ಗಿಡ ಕಿತ್ತು ಬುಡದ ಗಡ್ಡೆಯನ್ನು ಅಡ್ಡ ಕೊಯ್ದು ನೋಡಿ. ಒಳಗೆ ಕೆಂಪು-ಕಂದು ಗೆರೆ, ಚುಕ್ಕೆ ಇದ್ದರೆ ಅದು ಪನಾಮಾ ಸೊರಗು ರೋಗ. ಒಳಗೆ ಬೆಳ್ಳಗೆ ಶುದ್ಧ ಇದ್ದರೆ ಬೇರೆ ಕಾರಣ, ಪೊಟ್ಯಾಷ್ ಕೊರತೆಯೂ ಆಗಿರಬಹುದು. ಸೊರಗು ರೋಗವೇ ಆದರೆ ಆ ಗಿಡಕ್ಕೆ ಮದ್ದಿಲ್ಲ, ಗಡ್ಡೆ ಸಮೇತ ಕಿತ್ತು ಸುಡಬೇಕು, ಆ ಗುಂಡಿಯ ನೀರು ಪಕ್ಕದ ಗಿಡಕ್ಕೆ ಹರಿಯಬಾರದು, ಆ ತೋಟದ ಕಂದು ತಂದು ಬೇರೆ ಕಡೆ ಹಚ್ಚಬಾರದು.

ಕರೆ ಮಾಡಿದವರು ‘ಹಂಗಾದ್ರ ಉಳಿದ ಗಿಡಕ್ಕ...’ ಅಂತ ಶುರು ಮಾಡುವಷ್ಟರಲ್ಲಿ ಲೈನ್ ಕಟ್.

ಇಲ್ಲಿ ಎರಡು ಆಸೆ ಹುಟ್ಟುತ್ತವೆ. ಒಂದು, ‘ಬಾಳೆಗೆ ಪನಾಮಾ ರೋಗ: ಗಿಡ ಕಿತ್ತು ಸುಡಿ’ ಅಂತ ಬರೆಯೋದು. ಓದಲಿಕ್ಕೆ ಚೆನ್ನಾಗಿರುತ್ತೆ, ಆದರೆ ಎಲೆ ಹಳದಿ ಆದದ್ದಕ್ಕೆಲ್ಲ ತೋಟ ಕಿತ್ತು ಹಾಕಿಸುತ್ತೆ. ಇಲ್ಲಿ ಉತ್ತರ ಅಂದರೆ ರೋಗದ ಹೆಸರಲ್ಲ, ಕೊಯ್ದು ನೋಡುವ ಪರೀಕ್ಷೆ. ಸಾರಾಂಶದಲ್ಲೂ ಮೊದಲು ಪರೀಕ್ಷೆ ಬರಬೇಕು, ಅದರ ಕೆಳಗೆ ‘ಕಂದು ಇದ್ದರೆ ಹೀಗೆ’, ‘ಬಿಳಿ ಇದ್ದರೆ ಹೀಗೆ’ ಅಂತ ಎರಡು ದಾರಿ ಇರಬೇಕು. ಇನ್ನೊಂದು ಆಸೆ, ಅರ್ಧಕ್ಕೆ ನಿಂತ ಪ್ರಶ್ನೆಯನ್ನು ಮರೆತುಬಿಡೋದು. ಹಾಗೆ ಮಾಡೋದಿಲ್ಲ. ‘ಉಳಿದ ಗಿಡಗಳಿಗೆ ಏನು ಮಾಡಬೇಕು ಎಂದು ಕೇಳಲು ಹೊರಟಾಗ ಕರೆ ಕಡಿಯಿತು, ಉತ್ತರ ಇಲ್ಲ’ ಅಂತ ಬರೀತೀನಿ. ಅದನ್ನೇ ಓದಿದ ನಮ್ಮ ಕಾಕಾ ಮುಂದಿನ ಕಾರ್ಯಕ್ರಮಕ್ಕೆ ಫೋನ್ ಹಚ್ಚಿ ಅಲ್ಲಿಂದಲೇ ಪ್ರಶ್ನೆ ಮುಂದುವರಿಸಿದರು. ಖಾಲಿ ಜಾಗ ಕಾಣಿಸಿದ್ದಕ್ಕೇ ಅದು ತುಂಬಿತು.

ಮೂರನೇ ಕರೆ ಬೆಳೆ ವಿಮೆ ಹಣ ಬಂದಿಲ್ಲ ಅನ್ನೋದು. ವಿಜ್ಞಾನಿ ಅದು ತಮ್ಮ ವಿಷಯ ಅಲ್ಲ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಅಂದರು. ಇದಕ್ಕೂ ಒಂದು ಸಾಲು ಇರಬೇಕು, ಆದರೆ ‘ಉತ್ತರ’ ಅಂತ ಅಲ್ಲ, ‘ಎಲ್ಲಿ ಕೇಳಬೇಕು’ ಅಂತ.

ಈಗ ಉಳಿದದ್ದು ಎರಡು ಮತ್ತು ಐದನೇ ಕರೆ. ಎರಡೂ ಭತ್ತಕ್ಕೆ ಯೂರಿಯಾ ಹಾಕೋದರ ಬಗ್ಗೆ. ಕೊನೆಯಲ್ಲಿ ಕರೆಗಳನ್ನು ವಿಷಯದ ಪ್ರಕಾರ ಜೋಡಿಸುವಾಗ ಎರಡೂ ‘ಭತ್ತ – ಯೂರಿಯಾ’ ಅನ್ನೋ ಒಂದೇ ತಲೆಬರಹದ ಕೆಳಗೆ ಬರ್ತವೆ. ಅಲ್ಲೀವರೆಗೆ ಸರಿ. ಆದರೆ ಉತ್ತರಗಳನ್ನೂ ಸೇರಿಸಿ ಒಂದೇ ಮಾಡಬಹುದಾ?

ಎರಡನೇ ಕರೆಯವರು ಹಚ್ಚಿ 20 ದಿನ ಆಗಿದೆ, ಮೇಲುಗೊಬ್ಬರ ಹಾಕಲಾ ಅಂದರು. ಪೈರು ತೆಂಡೆ ಒಡೆಯುವ ಹೊತ್ತು, ಹಾಕಿ, ಒಂದೇ ಸಲ ಸುರಿಯಬೇಡಿ, ಕಂತು ಮಾಡಿ ಅಂತ ಉತ್ತರ. ಐದನೇ ಕರೆಯವರ ಪೈರು ಹೊಡೆಗೆ ಬಂದಿದೆ, ಬುಡದಲ್ಲಿ ಕಂದು ಜಿಗಿಹುಳು ಕಾಣ್ತಿದೆ, ಪೈರು ಸೊರಗಿದೆ ಅಂತ ಯೂರಿಯಾ ಹಾಕಬೇಕು ಅಂದುಕೊಂಡಿದ್ದಾರೆ. ವಿಜ್ಞಾನಿ ‘ಈಗ ಯೂರಿಯಾ ಮುಟ್ಟಬ್ಯಾಡ್ರಿ. ಮೊದಲು ಒಬ್ಬರಿಗೆ ಹಾಕಿ ಅಂದೆನಲ್ಲ, ಅದು ನಿಮಗಲ್ಲ’ ಅಂದರು. ಸಾರಜನಕ ಹೆಚ್ಚಾಗಿ ಪೈರು ಹಸಿರಾಗಿ ಮೆತ್ತಗಾದಷ್ಟೂ ಜಿಗಿಹುಳಕ್ಕೆ ಹಬ್ಬ. ಸೊರಗಿದ್ದಕ್ಕೆ ಗೊಬ್ಬರ ಅಂತ ಹಾಕಿದರೆ ಹುಳಕ್ಕೆ ಊಟ ಹಾಕಿದಂಗೆ.

ಒಂದೇ ಗೊಬ್ಬರ, ಒಂದೇ ಬೆಳೆ, ಅರ್ಧ ಗಂಟೆಯೊಳಗೆ ಒಬ್ಬರಿಗೆ ‘ಹಾಕಿ’, ಇನ್ನೊಬ್ಬರಿಗೆ ‘ಮುಟ್ಟಬೇಡಿ’. ತಜ್ಞರು ಮಾತು ಬದಲಿಸಿದ್ದಲ್ಲ, ಪೈರಿನ ವಯಸ್ಸು ಬದಲಾಗಿದೆ. ಹಾಗಾಗಿ ತಲೆಬರಹ ಒಂದೇ ಇದ್ದರೂ ಉತ್ತರ ಎರಡಾಗಿಯೇ ಇರ್ತವೆ, ಪ್ರತಿಯೊಂದರ ಮುಂದೆ ‘20 ದಿನದ ಪೈರಿಗೆ’, ‘ಹೊಡೆಗೆ ಬಂದ, ಜಿಗಿಹುಳು ಇರುವ ಪೈರಿಗೆ’ ಅಂತ. ವಿಷಯ ಸೇರಿಸಬಹುದು, ಉತ್ತರ ಸೇರಿಸುವ ಮುಂಚೆ ಎರಡೂ ಗದ್ದೆ ಒಂದೇನಾ ಅಂತ ನೋಡಬೇಕು.

ಪುಟದ ಮೇಲೆ ಪ್ರಸಾರದ ದಿನಾಂಕ ಹಾಕೋದು ಕೊನೆಯ ಕೆಲಸ. ‘ಕಾಲುವೆಗೆ ನೀರು ಬಂದ ಮೇಲೆ ಸಸಿ ಮಡಿ ಮಾಡಿ’ ಅನ್ನೋ ಮಾತು ಪ್ರತಿ ವರ್ಷ ಹಂಗೇ ನಡೆಯೋದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಅದರ ಹಿಂದಿನ ವಾರ ರೇಡಿಯೋದಲ್ಲಿ ನೀರಿನ ಬಗ್ಗೆ ಏನು ಕೇಳಿದ್ದರೂ ಮುಂದಿನ ವಾರಕ್ಕೆ ಅದು ಹಳೇ ಮಾತು. ಗ್ರೂಪಿನಲ್ಲಿ ಒಂದು ಪುಟ ಒಬ್ಬರಿಂದೊಬ್ಬರಿಗೆ ಹೋಗ್ತಾ ಎಂಟು ತಿಂಗಳಾದ ಮೇಲೆ ಮತ್ತೆ ನಮ್ಮ ಮನೆಗೇ ಬಂದದ್ದಿದೆ. ದಿನಾಂಕ ಇತ್ತು, ಅಪ್ಪ ನೋಡಿ ‘ಇದು ಹೋದ್ ಬೆಳಿದು’ ಅಂತ ಬದಿಗಿಟ್ಟರು.

29 ನಿಮಿಷದ ಕಾರ್ಯಕ್ರಮ ಒಂದೂ ಕಾಲು ಪುಟಕ್ಕೆ ಬಂತು, ನನಗೆ ಹಿಡಿದದ್ದು ಎರಡು ಗಂಟೆ ಚಿಲ್ಲರೆ. ಇನ್ನೂ ಚಿಕ್ಕದು ಮಾಡಬಹುದಿತ್ತು, ಆದರೆ ಆಮೇಲೆ ಕೊಯ್ಯೋದು ಸುಣ್ಣವನ್ನೇ, ಪಂಪಿನ ಲೀಟರನ್ನೇ, ಪೈರಿನ ವಯಸ್ಸನ್ನೇ. ಪುಟದ ಕೆಳಗೆ ಯಾವಾಗಲೂ ಒಂದು ಸಾಲು ಹಾಕ್ತೀನಿ: ನಿಮ್ಮ ಗದ್ದೆ ಮೇಲಿನ ಯಾವ ಕರೆಗೂ ಪೂರ್ತಿ ಹೊಂದದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಎಲೆ ತೆಗೆದುಕೊಂಡು ಹೋಗಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ಕರೆ ಉಚಿತ.

ಕೃಷಿಯ ಬದಲು ವೈದ್ಯರ ಫೋನ್-ಇನ್ ಆದರೂ ಬರೆಯುವ ಕ್ರಮ ಇದೇ. ಪೈರಿನ ವಯಸ್ಸಿನ ಜಾಗದಲ್ಲಿ ಮನುಷ್ಯರ ವಯಸ್ಸು ಬರುತ್ತೆ, ಸವಳು ನೆಲದ ಜಾಗದಲ್ಲಿ ಸಕ್ಕರೆ ಕಾಯಿಲೆ, ಬಿಪಿ ಬರುತ್ತೆ. ‘ತಲೆಸುತ್ತು ಬರುತ್ತೆ’ ಅಂತ ಕೇಳಿದ ಅಜ್ಜಿಗೆ ಡಾಕ್ಟರು ಏನು ಹೇಳಿದರು ಅಂತ ಬರೆಯುವ ಮುಂಚೆ, ಅಜ್ಜಿಗೆ ಅವರು ತಿರುಗಿ ಏನೇನು ಕೇಳಿದರು ಅನ್ನೋದನ್ನು ಬರೆದುಕೊಳ್ಳಿ.